ಬಿಲ್ಲಿನ ತಪ್ಪಿಗೆ ಬಿಲ್ಲೇ ಸಾಕ್ಷಿ

ದಾವಣಗೆರೆಯಂಥ ಊರಿನ ಒಂದು ಪೈಪು, ನಲ್ಲಿ ಸಾಮಾನಿನ ಅಂಗಡಿಯನ್ನು ತೆಗೆದುಕೊಳ್ಳಿ. ತಿಂಗಳು ಮುಗಿಯುವ ಹೊತ್ತಿಗೆ ಖರೀದಿ ಬಿಲ್‌ಗಳ ಒಂದು ಕಟ್ಟು ಲೆಕ್ಕ ಬರೆಯುವವರ ಮೇಜಿಗೆ ಬರುತ್ತದೆ. ಮೊದಲೆಲ್ಲ ಒಬ್ಬರು ಕೂತು ಒಂದೊಂದೇ ಅಂಕಿಯನ್ನು ಕಂಪ್ಯೂಟರಿಗೆ ಹೊಡೆಯುತ್ತಿದ್ದರು. ಈಗ ಬಹಳ ಕಡೆ ಬಿಲ್ಲನ್ನು ಸ್ಕ್ಯಾನ್ ಮಾಡಿದರೆ ಅಥವಾ ಮೊಬೈಲಿನಲ್ಲಿ ಫೋಟೊ ತೆಗೆದರೆ, ತಂತ್ರಾಂಶವೊಂದು ಅಂಕಿಗಳನ್ನು ಓದಿ ಎಕ್ಸೆಲ್ ಶೀಟಿಗೆ ತುಂಬಿಕೊಡುತ್ತದೆ.

ಕೆಲಸವೇನೋ ಬೇಗ ಆಗುತ್ತದೆ. ಆದರೆ ಮಸಿ ಮಾಸಿದ ಬಿಲ್ಲು, ಮಡಿಕೆ ಬಿದ್ದ ಕಾಗದ, ಅಂಕಿಯ ಮೇಲೇ ಬಿದ್ದ ರಬ್ಬರ್ ಸ್ಟಾಂಪು ಇವೆಲ್ಲ ಓದಿಗೆ ಅಡ್ಡ ಬರುತ್ತವೆ. 6 ಹೋಗಿ 8 ಆಗುತ್ತದೆ, 8 ಹೋಗಿ 3 ಆಗುತ್ತದೆ, ಅಲ್ಪವಿರಾಮ ಚುಕ್ಕಿಯಾಗುತ್ತದೆ. ಹೀಗೆ ತಪ್ಪಾಗಿ ಓದಿದ ಅಂಕಿ ಶೀಟಿನಲ್ಲಿ ಸರಿಯಾದ ಅಂಕಿಯಷ್ಟೇ ಅಚ್ಚುಕಟ್ಟಾಗಿ ಕೂತಿರುತ್ತದೆ. ನೂರಾರು ಸಾಲುಗಳ ನಡುವೆ ಅದನ್ನು ಕಣ್ಣಿಂದ ಹುಡುಕಲು ಹೊರಟರೆ ಕೈಯಲ್ಲಿ ಹೊಡೆಯುವಷ್ಟೇ ಸಮಯ ಹಿಡಿಯುತ್ತದೆ.

ಇಲ್ಲಿ ನೆರವಿಗೆ ಬರುವುದು ಬಿಲ್ಲಿನದೇ ಒಂದು ಗುಣ. ಜಿಎಸ್‌ಟಿ ಬಿಲ್ಲಿನಲ್ಲಿ ಏನೇನು ಇರಬೇಕೆಂದು 2017ರ ಸಿಜಿಎಸ್‌ಟಿ ನಿಯಮಗಳ 46ನೇ ನಿಯಮ ಹೇಳುತ್ತದೆ: ಸರಕಿನ ಪ್ರಮಾಣ, ರಿಯಾಯಿತಿ ಕಳೆದು ತೆರಿಗೆಗೆ ಒಳಪಡುವ ಮೊತ್ತ, ತೆರಿಗೆಯ ದರ, ತೆರಿಗೆಯ ಮೊತ್ತ ಹೀಗೆ. ಈ ಅಂಕಿಗಳು ಒಂದಕ್ಕೊಂದು ಸಂಬಂಧವಿಲ್ಲದವುಗಳಲ್ಲ. ಪ್ರಮಾಣವನ್ನು ದರದಿಂದ ಗುಣಿಸಿದರೆ ಸಾಲಿನ ಮೊತ್ತ, ಸಾಲುಗಳನ್ನು ಕೂಡಿದರೆ ತೆರಿಗೆಗೆ ಮುಂಚಿನ ಮೊತ್ತ, ಅದರ ಮೇಲೆ ತೆರಿಗೆ, ಎಲ್ಲ ಸೇರಿ ಕೊನೆಯ ಮೊತ್ತ. ಒಂದು ಅಂಕಿ ತಪ್ಪಾದರೆ ಅದರ ನೆಂಟರ ಪೈಕಿ ಯಾರಾದರೂ ದೂರು ಹೇಳಿಯೇ ಹೇಳುತ್ತಾರೆ. ಆ ದೂರನ್ನು ಕೇಳಿಸಿಕೊಳ್ಳುವ ಕೆಲಸ ಫಾರ್ಮುಲಾದ್ದು. ಅಷ್ಟೇ ಅಲ್ಲ, ಯಾವ ಯಾವ ದೂರುಗಳು ಒಟ್ಟಿಗೆ ಬಂದವು ಎಂದು ನೋಡಿದರೆ, ಕಾಗದ ತೆಗೆಯುವ ಮೊದಲೇ ತಪ್ಪು ಎಲ್ಲಿದೆ ಎಂದು ಹೇಳಿಬಿಡಬಹುದು.

ಒಂದು ಬಿಲ್ಲು

ಬೆಂಗಳೂರಿನ ಸಗಟು ವ್ಯಾಪಾರಿಯಿಂದ ನಮ್ಮ ಅಂಗಡಿಗೆ ಬಂದ ಬಿಲ್ಲೊಂದು ಹೀಗಿದೆ ಎಂದುಕೊಳ್ಳೋಣ. ಪಿವಿಸಿ ಪೈಪು 40, ದರ 186.50, ಮೊತ್ತ 7,460.00. ಹಿತ್ತಾಳೆ ಬಾಲ್ ವಾಲ್ವ್ 24, ದರ 235.00, ಮೊತ್ತ 5,640.00. ಪೈಪು ಅಂಟಿಸುವ ಸಾಲ್ವೆಂಟ್ 60 ಡಬ್ಬಿ, ದರ 48.75, ಮೊತ್ತ 2,925.00. ಎಲ್ಬೊ 250, ದರ 11.86, ಮೊತ್ತ 2,966.10. ನಾಲ್ಕಕ್ಕೂ ತೆರಿಗೆ ಶೇ 18. ತೆರಿಗೆಗೆ ಮುಂಚಿನ ಮೊತ್ತ 18,991.10. ಮಾರಿದವರು, ಕೊಂಡವರು ಇಬ್ಬರೂ ಕರ್ನಾಟಕದವರೇ ಆದ್ದರಿಂದ ಸಿಜಿಎಸ್‌ಟಿ 1,709.20, ಎಸ್‌ಜಿಎಸ್‌ಟಿ 1,709.20. ರೌಂಡ್ ಆಫ್ 0.50. ಕೊನೆಯ ಮೊತ್ತ 22,410.00.

ಇದನ್ನು ಎಕ್ಸೆಲ್‌ನಲ್ಲಾಗಲಿ ಗೂಗಲ್ ಶೀಟ್ಸ್‌ನಲ್ಲಾಗಲಿ ಎರಡು ಶೀಟುಗಳಲ್ಲಿ ಇಡಬೇಕು. ಮೊದಲನೆಯದು `Lines`. ಇದರಲ್ಲಿ ಬಿಲ್ಲಿನ ಪ್ರತಿ ಸರಕಿಗೆ ಒಂದು ಸಾಲು. `A` ಕಾಲಂನಲ್ಲಿ ಬಿಲ್ಲಿನ ಗುರುತು, `B` ಸರಕು, `C` ಪ್ರಮಾಣ, `D` ದರ, `E` ರೂಪಾಯಿಯಲ್ಲಿ ರಿಯಾಯಿತಿ, `F` ಸಾಲಿನ ಮೊತ್ತ, `G` ತೆರಿಗೆಯ ಶೇಕಡಾ ದರ. ಎರಡನೆಯದು `Bills`. ಇದರಲ್ಲಿ ಇಡೀ ಬಿಲ್ಲಿಗೆ ಒಂದೇ ಸಾಲು. `A` ಅದೇ ಗುರುತು, `B` ತೆರಿಗೆಗೆ ಮುಂಚಿನ ಮೊತ್ತ, `C` ಸಿಜಿಎಸ್‌ಟಿ, `D` ಎಸ್‌ಜಿಎಸ್‌ಟಿ, `E` ಐಜಿಎಸ್‌ಟಿ, `F` ರೌಂಡ್ ಆಫ್, `G` ಕೊನೆಯ ಮೊತ್ತ. ಇಲ್ಲಿಯವರೆಗಿನ ಕಾಲಂಗಳಲ್ಲಿ ಇರುವುದೆಲ್ಲ ಬಿಲ್ಲಿನಿಂದ ಓದಿದ್ದು ಮಾತ್ರ. ಫಾರ್ಮುಲಾಗಳು ಇವುಗಳ ಬಲಕ್ಕೆ ಬರುತ್ತವೆ. ಓದಿದ್ದನ್ನೂ ಲೆಕ್ಕ ಹಾಕಿದ್ದನ್ನೂ ಒಂದೇ ಕಾಲಂನಲ್ಲಿ ಬೆರೆಸಬಾರದು.

ಗುರುತಿಗೆ ಬರಿ ಬಿಲ್ ನಂಬರ್ ಸಾಲದು. 101ನೇ ನಂಬರಿನ ಬಿಲ್ಲು ಇಬ್ಬರು ವ್ಯಾಪಾರಿಗಳಿಂದಲೂ ಬರಬಹುದು; ಆಗ ಇಬ್ಬರ ಸಾಲುಗಳೂ ಒಂದೇ ಮೊತ್ತಕ್ಕೆ ಸೇರಿಬಿಡುತ್ತವೆ. ಜೊತೆಗೆ `SUMIFS` ಅಂಕಿಯಂತೆ ಕಾಣುವ ಗುರುತುಗಳನ್ನು ಅಂಕಿ ಎಂದೇ ಎಣಿಸುವುದರಿಂದ 0101 ಮತ್ತು 101 ಅದಕ್ಕೆ ಒಂದೇ. ಮಾರಿದವರ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ, ನಡುವೆ ಒಂದು ಗೆರೆ, ಆಮೇಲೆ ಬಿಲ್ ನಂಬರ್ ಹೀಗೆ ಜೋಡಿಸಿ ಗುರುತು ಮಾಡಿಕೊಂಡರೆ ಎರಡೂ ತೊಂದರೆ ತಪ್ಪುತ್ತವೆ.

ಸಾಲಿನ ತಾಳೆ

ಮೊದಲ ಪರೀಕ್ಷೆ ಒಂದೊಂದು ಸಾಲಿನದು. `Lines` ಶೀಟಿನ `H` ಕಾಲಂನಲ್ಲಿ ವ್ಯತ್ಯಾಸ, `I` ಕಾಲಂನಲ್ಲಿ ತೀರ್ಪು, `J` ಕಾಲಂನಲ್ಲಿ ಆ ಸಾಲಿಗೆ ಬರಬೇಕಾದ ತೆರಿಗೆ:

```
H2: =ROUND(C2*D2-E2-F2,2)
I2: =IF(ABS(H2)<=MAX(0.01,C2*0.005),"ಸರಿ","ನೋಡಿ")
J2: =F2*G2/100
```

ವ್ಯತ್ಯಾಸವನ್ನು `ROUND` ಒಳಗೆ ಇಟ್ಟಿರುವುದಕ್ಕೆ ಕಾರಣವಿದೆ. ಕಂಪ್ಯೂಟರ್ ದಶಮಾಂಶಗಳನ್ನು ಎರಡರ ಆಧಾರದ ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಎರಡು ಮೊತ್ತಗಳು ಸಮವಾಗಿದ್ದರೂ ಕಳೆದಾಗ ಎಲ್ಲೋ ಹನ್ನೆರಡನೇ ದಶಮಾಂಶ ಸ್ಥಾನದಲ್ಲಿ ಚೂರು ಉಳಿಯಬಹುದು. ಎರಡು ಸ್ಥಾನಕ್ಕೆ ದುಂಡಗೆ ಮಾಡದೆ ಎರಡು ಸೆಲ್‌ಗಳು ಸಮವೇ ಎಂದು ಕೇಳಿದರೆ, ಸರಿಯಾದ ಬಿಲ್ಲಿಗೂ ಅಲ್ಲ ಎಂಬ ಉತ್ತರ ಬರುವುದುಂಟು.

ಇನ್ನು ಎಷ್ಟು ವ್ಯತ್ಯಾಸವನ್ನು ಕ್ಷಮಿಸಬೇಕು ಎಂಬ ಪ್ರಶ್ನೆ. ಒಂದು ಪೈಸೆ ಎಂದು ಇಟ್ಟುಕೊಂಡವರು ನಮ್ಮ ಬಿಲ್ಲಿನ ಎಲ್ಬೊ ಸಾಲಿನಲ್ಲಿ ಸಿಕ್ಕಿಬೀಳುತ್ತಾರೆ. 250ನ್ನು 11.86ರಿಂದ ಗುಣಿಸಿದರೆ 2,965.00, ಬಿಲ್ಲಿನಲ್ಲಿರುವುದು 2,966.10. ಒಂದು ರೂಪಾಯಿ ಹತ್ತು ಪೈಸೆ ವ್ಯತ್ಯಾಸ. ಇಷ್ಟಾದರೂ ಬಿಲ್ಲೂ ಸರಿ, ಓದೂ ಸರಿ. ಆ ವ್ಯಾಪಾರಿ ಎಲ್ಬೊವನ್ನು ತೆರಿಗೆ ಸೇರಿಸಿ 14 ರೂಪಾಯಿಗೆ ಮಾರುತ್ತಾರೆ. ಶೇ 18ರ ತೆರಿಗೆ ಬಿಡಿಸಿದರೆ ದರ 11.8644 ಎಂದು ಮುಂದುವರಿಯುತ್ತದೆ. ಅವರ ಬಿಲ್ಲಿಂಗ್ ತಂತ್ರಾಂಶ ಗುಣಿಸುವಾಗ ಪೂರ್ತಿ ದರವನ್ನು ಬಳಸಿ, ಅಚ್ಚು ಹಾಕುವಾಗ ಎರಡು ಸ್ಥಾನಕ್ಕೆ ದುಂಡಗೆ ಮಾಡಿದೆ.

ದರದಲ್ಲಿ ಹೀಗೆ ಬಿಟ್ಟುಹೋಗುವುದು ಹೆಚ್ಚೆಂದರೆ ಅರ್ಧ ಪೈಸೆ, ಅಂದರೆ 0.005. ಆದರೆ ಪ್ರಮಾಣ ಎಷ್ಟೋ ಅಷ್ಟು ಸಲ ಆ ಅರ್ಧ ಪೈಸೆ ಸೇರುತ್ತದೆ. 250 ಎಲ್ಬೊಗೆ 1.25ರವರೆಗೆ ವ್ಯತ್ಯಾಸ ಸಹಜ. 24 ವಾಲ್ವ್‌ಗೆ 12 ಪೈಸೆ ದಾಟಿದರೆ ಅನುಮಾನ. ಅದಕ್ಕೇ ಫಾರ್ಮುಲಾದಲ್ಲಿ `C2*0.005`. ಎಲ್ಲ ಸಾಲಿಗೂ ಐದು ರೂಪಾಯಿವರೆಗೆ ಪರವಾಗಿಲ್ಲ ಎಂದು ಬಿಟ್ಟರೆ ಸಣ್ಣ ಮೊತ್ತದ ಸಾಲುಗಳಲ್ಲಿ ನಿಜವಾದ ತಪ್ಪೇ ನುಸುಳಿಹೋಗುತ್ತದೆ.

ಇಡೀ ಬಿಲ್ಲಿನ ತಾಳೆ

`Bills` ಶೀಟಿನಲ್ಲಿ ಮೂರು ವ್ಯತ್ಯಾಸಗಳು. `H` ಸಾಲುಗಳ ಮೊತ್ತದ್ದು, `I` ತೆರಿಗೆಯದು, `J` ಕೊನೆಯ ಮೊತ್ತದ್ದು:

```
H2: =ROUND(SUMIFS(Lines!F:F,Lines!A:A,A2)-B2,2)
I2: =ROUND(SUMIFS(Lines!J:J,Lines!A:A,A2)-(C2+D2+E2),2)
J2: =ROUND(B2+C2+D2+E2+F2-G2,2)
```

ತೆರಿಗೆಯನ್ನು ಓದಿದ ಒಟ್ಟು ಮೊತ್ತದ ಮೇಲೆ ಹಾಕದೆ ಸಾಲುಗಳಿಂದ ಕಟ್ಟಿಕೊಂಡು ಬಂದಿರುವುದನ್ನು ಗಮನಿಸಿ. ಒಂದೇ ಬಿಲ್ಲಿನಲ್ಲಿ ಶೇ 5 ಮತ್ತು ಶೇ 18ರ ಸರಕುಗಳು ಬೆರೆತಿದ್ದರೂ ಈ ಲೆಕ್ಕ ನಿಲ್ಲುತ್ತದೆ. ಕೆಲವರು ತೆರಿಗೆಯನ್ನು ಸಾಲುಸಾಲಿಗೆ ದುಂಡಗೆ ಮಾಡುತ್ತಾರೆ, ಕೆಲವರು ಕೊನೆಯಲ್ಲಿ ಒಂದೇ ಸಲ. ಸಿಜಿಎಸ್‌ಟಿಗೆ ಅರ್ಧ ಪೈಸೆ, ಎಸ್‌ಜಿಎಸ್‌ಟಿಗೆ ಅರ್ಧ ಪೈಸೆ ಎಂದು ಹಿಡಿದರೂ ಸಾಲಿಗೆ ಒಂದು ಪೈಸೆಗಿಂತ ಹೆಚ್ಚು ವ್ಯತ್ಯಾಸ ಬರಬಾರದು. ಆದ್ದರಿಂದ ತೆರಿಗೆಯ ತಾಳೆಯಲ್ಲಿ ಸಾಲುಗಳ ಸಂಖ್ಯೆಯಷ್ಟು ಪೈಸೆಗಳನ್ನು ಬಿಟ್ಟರೆ ಸಾಕು. ಕೊನೆಯ ಮೊತ್ತದಲ್ಲಿ ಮಾತ್ರ ಒಂದು ಪೈಸೆಯನ್ನೂ ಬಿಡಬೇಕಾಗಿಲ್ಲ. ಅಲ್ಲಿರುವ ಅಂಕಿಗಳೆಲ್ಲ ಬಿಲ್ಲಿನಲ್ಲಿ ಅಚ್ಚಾದವೇ. ಬರಿ ಕೂಡುವ ಲೆಕ್ಕ.

ಇವನ್ನೆಲ್ಲ ಸೇರಿಸಿ `K` ಕಾಲಂನಲ್ಲಿ ಒಂದು ತೀರ್ಪು:

```
=IF(COUNT(B2:G2)<6,"ಖಾಲಿ",IF(AND(ABS(H2)<=0.01,
ABS(I2)<=0.01*COUNTIFS(Lines!A:A,A2),
J2=0,C2=D2,C2*E2=0,ABS(F2)<=0.5,
COUNTIFS(Lines!A:A,A2,Lines!I:I,"ಸರಿ")=COUNTIFS(Lines!A:A,A2)),
"ಸರಿ","ನೋಡಿ"))
```

ಇದರಲ್ಲಿ ಮೂರು ಪುಟ್ಟ ಪರೀಕ್ಷೆಗಳು ಖರ್ಚಿಲ್ಲದೆ ಸಿಕ್ಕಿವೆ. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಸಮ ಇರಬೇಕು. ಅವಿದ್ದ ಬಿಲ್ಲಿನಲ್ಲಿ ಐಜಿಎಸ್‌ಟಿ ಇರಬಾರದು, ಏಕೆಂದರೆ ಅದು ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿನದು. ಮೊತ್ತವನ್ನು ಪೂರ್ತಿ ರೂಪಾಯಿಗೆ ತರುವ ರೌಂಡ್ ಆಫ್ ಐವತ್ತು ಪೈಸೆ ಮೀರಬಾರದು. ಮೊದಲಿಗೆ ಬರುವ `COUNT` ಆರೂ ಸೆಲ್‌ಗಳಲ್ಲಿ ನಿಜವಾದ ಸಂಖ್ಯೆ ಇದೆಯೇ ಎಂದು ನೋಡುತ್ತದೆ. ಹಾಗಾಗಿ ಐಜಿಎಸ್‌ಟಿ ಇಲ್ಲದ ಬಿಲ್ಲಿಗೆ ಖಾಲಿ ಬಿಡದೆ 0 ಹಾಕಬೇಕು. ಕೊನೆಯಲ್ಲಿ ‘ನೋಡಿ’ ಎಂದಿರುವ ಸಾಲುಗಳನ್ನು ಹುಡುಕುವ ಬದಲು ‘ಸರಿ’ ಎಂದಿರುವ ಸಾಲುಗಳನ್ನೇ ಎಣಿಸಿದ್ದೇವೆ. ಏಕೆಂದರೆ `#VALUE!` ಎಂದು ಕೆಟ್ಟುಕೂತ ಸಾಲು ಸರಿಯೂ ಅನ್ನುವುದಿಲ್ಲ, ನೋಡಿ ಎಂದೂ ಅನ್ನುವುದಿಲ್ಲ.

ದೂರುಗಳನ್ನು ಓದುವುದು

‘ನೋಡಿ’ ಎಂದು ಬಂದ ಕೂಡಲೇ ಬಿಲ್ಲನ್ನು ತಲೆಯಿಂದ ಕಾಲಿನವರೆಗೆ ಓದುವ ಅಗತ್ಯವಿಲ್ಲ. ನಮ್ಮ ಬಿಲ್ಲಿನಲ್ಲೇ ಬೇರೆ ಬೇರೆ ತಪ್ಪುಗಳನ್ನು ಒಂದೊಂದಾಗಿ ಹಾಕಿ ನೋಡೋಣ.

ವಾಲ್ವ್ ಸಾಲಿನ 5,640 ಎಂಬುದನ್ನು ತಂತ್ರಾಂಶ 5,840 ಎಂದು ಓದಿತು ಎನ್ನಿ. ಆ ಸಾಲಿನ ತಾಳೆ ತಪ್ಪುತ್ತದೆ, 200 ರೂಪಾಯಿ. ಸಾಲುಗಳ ಮೊತ್ತವೂ 200 ಹೆಚ್ಚು ತೋರಿಸುತ್ತದೆ. ತೆರಿಗೆಯ ತಾಳೆ 36 ರೂಪಾಯಿ ಹೆಚ್ಚು ತೋರಿಸುತ್ತದೆ, 200ಕ್ಕೆ ಶೇ 18 ಅಷ್ಟೇ ತಾನೇ. ಕೊನೆಯ ಮೊತ್ತದ ತಾಳೆ ಮಾತ್ರ ಸುಮ್ಮನಿರುತ್ತದೆ. ಮೂರು ಕಡೆ ದೂರು ಬಂದು ನಾಲ್ಕನೆಯದು ಸುಮ್ಮನಿದ್ದರೆ, ತಪ್ಪು ಸಾಲಿನ ಮೊತ್ತದ ಸೆಲ್‌ನಲ್ಲೇ ಇದೆ.

ಅದೇ ಸಾಲಿನಲ್ಲಿ ಪ್ರಮಾಣ 24ರ ಬದಲು 21 ಎಂದು ಓದಿದ್ದರೆ ಚಿತ್ರವೇ ಬೇರೆ. ಸಾಲಿನ ತಾಳೆ 705 ರೂಪಾಯಿ ತಪ್ಪುತ್ತದೆ. ಉಳಿದ ಮೂರೂ ತಾಳೆಗಳು ಸರಿ. ಅಂದರೆ ಮೊತ್ತ ಸರಿಯಾಗಿದೆ, ಪ್ರಮಾಣವೋ ದರವೋ ತಪ್ಪಿದೆ. 705ನ್ನು ದರ 235ರಿಂದ ಭಾಗಿಸಿದರೆ ಸರಿಯಾಗಿ 3. ಹೀಗೆ ಪೂರ್ಣ ಸಂಖ್ಯೆ ಬಂದರೆ ತಪ್ಪಿರುವುದು ಬಹುಮಟ್ಟಿಗೆ ಪ್ರಮಾಣ, ಅದೂ ಮೂರರಷ್ಟು. ಕಾಗದದ ಮೇಲೆ ನೋಡಬೇಕಾದ ಜಾಗ ಒಂದೇ ಒಂದು ಅಂಕಿಗೆ ಇಳಿಯಿತು.

ತೆರಿಗೆಗೆ ಮುಂಚಿನ ಮೊತ್ತ 18,991.10 ಹೋಗಿ 13,991.10 ಆದರೆ `H`ನಲ್ಲಿ 5,000 ಹೆಚ್ಚು, `J`ನಲ್ಲಿ 5,000 ಕಡಿಮೆ; ತೆರಿಗೆಯನ್ನು ಸಾಲುಗಳಿಂದ ಕಟ್ಟಿದ್ದರಿಂದ `I` ಅಲುಗಾಡುವುದಿಲ್ಲ. ಸಿಜಿಎಸ್‌ಟಿ 1,709.20 ಹೋಗಿ 1,769.20 ಆದರೆ `I` ಮತ್ತು `J` ಎರಡರಲ್ಲೂ 60 ರೂಪಾಯಿ, ಜೊತೆಗೆ ಎಸ್‌ಜಿಎಸ್‌ಟಿಯೊಂದಿಗೂ ಸಮವಿಲ್ಲ. `I` ಒಂದೇ ದೂರು ಹೇಳಿದರೆ ಸಾಲಿನ ತೆರಿಗೆ ದರವನ್ನು ನೋಡಬೇಕು. `J` ಒಂದೇ ದೂರು ಹೇಳಿದರೆ ಕೊನೆಯ ಮೊತ್ತ ಅಥವಾ ರೌಂಡ್ ಆಫ್. ವ್ಯತ್ಯಾಸ ಒಂದು ರೂಪಾಯಿಯೊಳಗಿದ್ದು ರೌಂಡ್ ಆಫ್‌ನ ಎರಡರಷ್ಟಿದ್ದರೆ, ಅದರ ಹಿಂದಿನ ಕಳೆಯುವ ಗುರುತು ಓದಿನಲ್ಲಿ ಬಿದ್ದುಹೋಗಿದೆ.

ಎರಡು ಸಂಗತಿಗಳು ಒಂದೇ ರೀತಿ ಕಂಡು ಗಲಿಬಿಲಿ ಮಾಡುತ್ತವೆ. ಸಾಲ್ವೆಂಟ್ ಸಾಲು ಪುಟದ ಮಡಿಕೆಯಲ್ಲಿ ಸಿಕ್ಕು ಪೂರ್ತಿಯಾಗಿ ಬಿಟ್ಟುಹೋಯಿತು ಎನ್ನಿ. ಇರುವ ಸಾಲುಗಳೆಲ್ಲ ಸರಿ, `H` 2,925 ಕಡಿಮೆ, `I` 526.50 ಕಡಿಮೆ. ಮೂಲ ಬಿಲ್ಲಿನಲ್ಲಿ 2,925.00 ಎಂಬ ಮೊತ್ತ ಯಾವ ಸಾಲಿನಲ್ಲಿದೆ ಎಂದು ನೋಡಿದರೆ ಕಳೆದ ಸಾಲು ಸಿಕ್ಕಿತು. ಆದರೆ ಕೆಲವೊಮ್ಮೆ `H` 2,925 ಕಡಿಮೆ ತೋರಿಸಿ `I` ಸೊನ್ನೆ ತೋರಿಸುತ್ತದೆ, ಸಾಲೂ ಕಣ್ಣೆದುರಿಗೇ ಇರುತ್ತದೆ. ಆಗ ಆ ಸೆಲ್‌ನಲ್ಲಿರುವುದು ಸಂಖ್ಯೆಯಲ್ಲ, ಸಂಖ್ಯೆಯ ವೇಷದ ಅಕ್ಷರಗಳು. ಗುಣಿಸುವಾಗ, ಕಳೆಯುವಾಗ ಎಕ್ಸೆಲ್ ಅಂಥ ಅಕ್ಷರಗಳನ್ನು ತಾನೇ ಸಂಖ್ಯೆಯಾಗಿ ಬದಲಿಸಿಕೊಳ್ಳುತ್ತದೆ, ಆದ್ದರಿಂದ ಸಾಲಿನ ತಾಳೆಯೂ ತೆರಿಗೆಯೂ ಸರಿ ಬಂದವು. `SUMIFS` ಹಾಗಲ್ಲ. ಅಕ್ಷರ ಕಂಡರೆ ಬಾಯಿಬಿಡದೆ ದಾಟಿಹೋಗುತ್ತದೆ.

ಓದುವ ತಂತ್ರಾಂಶಗಳಿಂದ ಬಂದ ಶೀಟಿನಲ್ಲಿ ಇದು ತೀರಾ ಸಾಮಾನ್ಯ. ರೂಪಾಯಿ ಚಿಹ್ನೆ, ಅಲ್ಪವಿರಾಮ, ಕಣ್ಣಿಗೆ ಕಾಣದ ಖಾಲಿ ಜಾಗ ಅಂಕಿಯ ಜೊತೆ ಅಂಟಿಕೊಂಡು ಬಂದಿರುತ್ತವೆ. ಸೆಲ್‌ಗೆ ಬೇರೆ ಜೋಡಣೆ ಕೊಡದಿದ್ದರೆ ಸಂಖ್ಯೆ ಬಲಕ್ಕೆ ಒತ್ತಿಕೊಂಡಿರುತ್ತದೆ, ಅಕ್ಷರ ಎಡಕ್ಕೆ. ಓದಿದ ಕಾಲಂನ ಪಕ್ಕದಲ್ಲಿ ಹೀಗೆ ಶುದ್ಧ ಮಾಡಿಕೊಂಡು, ಫಾರ್ಮುಲಾಗಳಿಗೆ ಶುದ್ಧವಾದ ಕಾಲಂ ಅನ್ನೇ ಕೊಡುವುದು ಒಳ್ಳೆಯದು. ಇಲ್ಲಿ `M2` ಎಂದರೆ ಓದಿದ ಅಂಕಿ ಇದ್ದಂತೆಯೇ ಇರುವ ಸೆಲ್:

```
=VALUE(SUBSTITUTE(SUBSTITUTE(SUBSTITUTE(M2,CHAR(160),""),",",""),"₹",""))
```

ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ‘ಓ’ ಅಕ್ಷರ ಕೂತಿದ್ದರೆ ಇದು `#VALUE!` ಎನ್ನುತ್ತದೆ. ಅದನ್ನೂ ಫಾರ್ಮುಲಾದಿಂದಲೇ ತಿದ್ದುವ ಆಸೆ ಬೇಡ. ಅಂಥ ಸೆಲ್ ಸರಿಯಾಗಿ ಓದಿಲ್ಲ ಎಂಬುದಕ್ಕೆ ಅದೇ ಗುರುತು. `H`ನಲ್ಲಿ ಬಿಲ್ಲಿನ ಪೂರ್ತಿ ಮೊತ್ತವೇ ವ್ಯತ್ಯಾಸವಾಗಿ ಬಂದರೆ ಅಂಕಿಗಳನ್ನು ದೂರಬೇಡಿ. ಎರಡು ಶೀಟುಗಳ ಗುರುತು ಹೊಂದಿಕೊಂಡಿಲ್ಲ, ಅಷ್ಟೇ.

ಹಳೆಯ ಗುಮಾಸ್ತರಿಗೆ ಗೊತ್ತಿದ್ದ ಇನ್ನೊಂದು ಉಪಾಯವಿದೆ: ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಎರಡು ಅಂಕಿಗಳು ಅದಲುಬದಲಾಗಿವೆಯೇ ನೋಡು ಎನ್ನುವುದು. 18,991ನ್ನು 19,891 ಎಂದು ಬರೆದರೆ ವ್ಯತ್ಯಾಸ 900. ಕೈಯಲ್ಲಿ ಹೊಡೆದ ಬಿಲ್‌ಗಳಿಗೆ ಇದು ಇಂದಿಗೂ ಸಲ್ಲುತ್ತದೆ. ಯಂತ್ರ ಮಾತ್ರ ಅಂಕಿಗಳನ್ನು ಸ್ಥಳ ಬದಲಿಸುವುದು ಕಡಿಮೆ. ಅದು ಎಡವುವುದು ಆಕಾರದಲ್ಲಿ. ಅದರ ತಪ್ಪಿನ ವ್ಯತ್ಯಾಸಗಳು 200, 60, 5,000 ಹೀಗೆ ಒಂದೇ ಅಂಕಿಯ ಮುಂದೆ ಸೊನ್ನೆಗಳಿರುವ ಮೊತ್ತಗಳಾಗಿ ಬರುತ್ತವೆ. ವ್ಯತ್ಯಾಸ ನೋಡಿದರೆ ತಪ್ಪು ಬೆರಳಿನದೋ ಯಂತ್ರದ ಕಣ್ಣಿನದೋ ಎಂದು ಅಂದಾಜು ಸಿಗುತ್ತದೆ.

ಬಿಲ್ಲೇ ತಪ್ಪಿದ್ದರೆ

ಕಾಗದ ತೆಗೆದು ನೋಡಿದಾಗ ಓದಿದ್ದೆಲ್ಲ ಸರಿ, ಆದರೂ ತಾಳೆಯಾಗುತ್ತಿಲ್ಲ ಎಂಬ ಬಿಲ್‌ಗಳೂ ಇರುತ್ತವೆ. ಹೆಚ್ಚಿನವುಗಳಲ್ಲಿ ಸಾಗಣೆ ವೆಚ್ಚವನ್ನು ಸಾಲುಗಳ ಕೆಳಗೆ ಬೇರೆಯಾಗಿ ಬರೆದಿರುತ್ತಾರೆ. ಮಾರಿದವರೇ ಬಿಲ್ಲಿಗೆ ಸೇರಿಸಿದ ಸಾಗಣೆ, ಪ್ಯಾಕಿಂಗ್ ವೆಚ್ಚಗಳು ಕಾನೂನಿನ ಪ್ರಕಾರ ಸರಕಿನ ಮೌಲ್ಯದ ಭಾಗ; ಅದರ ಮೇಲೂ ತೆರಿಗೆ ಇರುತ್ತದೆ. `Lines` ಶೀಟಿನಲ್ಲಿ ಪ್ರಮಾಣ 1 ಎಂದು ಅದನ್ನೂ ಒಂದು ಸಾಲಾಗಿ ಸೇರಿಸಿದರೆ ಲೆಕ್ಕ ಕೂಡಿಬರುತ್ತದೆ.

ಅದೂ ಅಲ್ಲ, ವ್ಯಾಪಾರಿಯೇ ತಪ್ಪು ಕೂಡಿದ್ದಾರೆ ಎಂದಾದರೆ, ಶೀಟಿನಲ್ಲಿ ಅಂಕಿ ತಿದ್ದಿ ‘ಸರಿ’ ತರಿಸುವುದು ತರವಲ್ಲ. ಕೊಂಡವರಿಗೆ ತೆರಿಗೆ ಜಮಾ ಸಿಗುವುದು ಬಿಲ್ಲಿನ ಆಧಾರದ ಮೇಲೆ, ನಮ್ಮ ಶೀಟಿನ ಮೇಲಲ್ಲ. ಪಕ್ಕದ ಕಾಲಂನಲ್ಲಿ ‘ಓದಿನ ತಪ್ಪು’ ಅಥವಾ ‘ಬಿಲ್ಲಿನ ತಪ್ಪು’ ಎಂದು ಬರೆದಿಟ್ಟು, ಎರಡನೆಯದನ್ನು ವ್ಯಾಪಾರಿಗೆ ತಿಳಿಸಿ ತಿದ್ದಿಸಿಕೊಳ್ಳಬೇಕು. ಹೆಚ್ಚು ಹಾಕಿದ್ದರೆ ಅವರು ಕ್ರೆಡಿಟ್ ನೋಟ್ ಕೊಡುತ್ತಾರೆ, ಕಡಿಮೆ ಹಾಕಿದ್ದರೆ ಡೆಬಿಟ್ ನೋಟ್.

ತಾಳೆಗೆ ಸಿಗದ ತಪ್ಪುಗಳು

ಪ್ರಮಾಣ ಮತ್ತು ದರ ಅದಲುಬದಲಾದರೆ ಈ ಫಾರ್ಮುಲಾಗಳಿಗೆ ಗೊತ್ತೇ ಆಗುವುದಿಲ್ಲ. 24 ವಾಲ್ವ್ 235 ರೂಪಾಯಿಗೆ ಬಂದರೂ, 235 ವಾಲ್ವ್ 24 ರೂಪಾಯಿಗೆ ಬಂದರೂ ಗುಣಲಬ್ಧ 5,640. ತೆರಿಗೆ ಲೆಕ್ಕ ಕೆಡುವುದಿಲ್ಲ, ಆದರೆ ದಾಸ್ತಾನು ಪುಸ್ತಕದಲ್ಲಿ ಇಲ್ಲದ 211 ವಾಲ್ವ್‌ಗಳು ಸೇರಿಕೊಳ್ಳುತ್ತವೆ. ಅದೇ ಸರಕಿನ ಹಿಂದಿನ ಖರೀದಿ ದರದೊಂದಿಗೆ ಹೋಲಿಸಿ ನೋಡಿದರೆ ಮಾತ್ರ ಇದು ಸಿಗುತ್ತದೆ.

ಇನ್ನೂ ಗಂಭೀರವಾದದ್ದು, ಓದುವ ತಂತ್ರಾಂಶವೇ ಲೆಕ್ಕ ಹಾಕಿಬಿಡುವುದು. ಸಾಲಿನ ಮೊತ್ತ ಸರಿಯಾಗಿ ಕಾಣದಿದ್ದಾಗ ಕೆಲವು ತಂತ್ರಾಂಶಗಳು ಪ್ರಮಾಣವನ್ನು ದರದಿಂದ ಗುಣಿಸಿ ತಾವೇ ತುಂಬುತ್ತವೆ. ಆಗ ಆ ಸಾಲು ಯಾವತ್ತೂ ‘ಸರಿ’ ಎಂದೇ ತೋರಿಸುತ್ತದೆ, ಏಕೆಂದರೆ ಪರೀಕ್ಷೆ ಮಾಡುವುದೂ ಅದೇ ಗುಣಾಕಾರ. ಅಂಥ ಸೌಲಭ್ಯವಿದ್ದರೆ ಅದನ್ನು ನಿಲ್ಲಿಸಿ, ಕಾಣದ್ದನ್ನು ಖಾಲಿಯಾಗಿಯೇ ತರಿಸಿಕೊಳ್ಳಬೇಕು. ಎಲ್ಬೊ ಸಾಲು ಇಲ್ಲಿ ಒಳ್ಳೆಯ ಪತ್ತೇದಾರ: ಮೊತ್ತ 2,966.10 ಎಂದು ಬರದೆ 2,965.00 ಎಂದು ಬಂದಿದ್ದರೆ, ಅದು ಕಾಗದದಿಂದ ಓದಿದ ಅಂಕಿಯಲ್ಲ ಎಂದು ತಿಳಿಯಿರಿ. ಸಾಲಿನ ತಾಳೆ ಸೊನ್ನೆ ತೋರಿಸಿದರೂ ಸಾಲುಗಳ ಮೊತ್ತದಲ್ಲಿ 1.10 ಕಡಿಮೆ ಬರುತ್ತದೆ.

ದಿನಾಂಕ, ಬಿಲ್ ನಂಬರ್, ಸರಕಿನ ಎಚ್‌ಎಸ್‌ಎನ್ ಸಂಖ್ಯೆ, ಮಾರಿದವರ ಜಿಎಸ್‌ಟಿ ಸಂಖ್ಯೆ ಇವು ಯಾವ ಗುಣಾಕಾರಕ್ಕೂ ಸೇರಿಲ್ಲ, ಹಾಗಾಗಿ ಇವು ತಪ್ಪಿದರೂ ಮೊತ್ತಗಳೆಲ್ಲ ತಾಳೆಯಾಗುತ್ತವೆ. ಎಚ್‌ಎಸ್‌ಎನ್ ಸಂಖ್ಯೆಯನ್ನು ಕಾಗದದ ಮೇಲೇ ನೋಡಬೇಕು. ಉಳಿದವುಗಳಿಗೆ ಬಿಲ್ಲಿನ ಹೊರಗಿನ ಸಾಕ್ಷಿಯೊಂದಿದೆ: ಮಾರಿದವರು ಸಲ್ಲಿಸಿದ ವಿವರಗಳಿಂದ ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ರತಿ ತಿಂಗಳು ಸಿದ್ಧವಾಗುವ ಜಿಎಸ್‌ಟಿಆರ್-2ಬಿ. ನಾಲ್ಕೂ ತಾಳೆಗಳನ್ನು ದಾಟಿದ ಬಿಲ್ಲನ್ನು ಅದರೊಂದಿಗೆ ನಂಬರ್, ದಿನಾಂಕ, ತೆರಿಗೆ ಮೊತ್ತಗಳಲ್ಲಿ ಹೋಲಿಸಿದ ಮೇಲೆಯೇ ಪುಸ್ತಕಕ್ಕೆ ಏರಿಸಬೇಕು. ಈ ಎರಡನೆಯ ಹೋಲಿಕೆಗೂ ಗುರುತಾಗಿ ಕೆಲಸಕ್ಕೆ ಬರುವುದು ಜಿಎಸ್‌ಟಿ ಸಂಖ್ಯೆ ಮತ್ತು ಬಿಲ್ ನಂಬರ್ ಜೋಡಿಸಿ ಮಾಡಿದ ಅದೇ `A` ಕಾಲಂ. ಅದರಲ್ಲಿ ಒಂದು ಅಕ್ಷರ ತಪ್ಪಿದ್ದರೆ, ಲೆಕ್ಕ ಎಷ್ಟೇ ಸರಿಯಿದ್ದರೂ ಆ ಬಿಲ್ಲು ಜೋಡಿ ಸಿಗದೆ ಉಳಿಯುತ್ತದೆ. ಹಾಗೆ ಉಳಿದವೇ ಕೊನೆಗೆ ಕಣ್ಣಿನಿಂದ ನೋಡಬೇಕಾದ ಬಿಲ್‌ಗಳು.